ಗೀಟು ಹೊಡೆಸಿಕೊಂಡ ಬೆಲೆ

ಕಳೆದ ಭಾನುವಾರ ನಮ್ಮ ಭಾವ ಬಟ್ಟೆ ಅಂಗಡಿಯಲ್ಲಿ ಐದು ಸಾವಿರ ರೂಪಾಯಿ ದುಡಿದರು. ಹಾಗೆಂದು ಹೇಳಿದವರು ಅವರೇ. ಜೇಬಿನಿಂದ 4,995 ರೂಪಾಯಿ ಹೋಗಿತ್ತು ಎಂಬುದು ಅವರ ಲೆಕ್ಕದಲ್ಲಿ ಬರುವುದಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲ, ಜವಳಿಗೆ ಗಿರಾಕಿಗಳಿಲ್ಲ. ಹಾಗಾಗಿ ಗಾಂಧಿ ಬಜಾರಿನ ಸುತ್ತಮುತ್ತ ಎಲ್ಲಿ ನೋಡಿದರೂ ರಿಯಾಯಿತಿಯ ಬ್ಯಾನರುಗಳು ಮಳೆಯಲ್ಲಿ ತೊಯ್ಯುತ್ತಿರುತ್ತವೆ. ತೀರ್ಥಹಳ್ಳಿ ಕಡೆಯಿಂದ ಅಡಿಕೆ ಮಂಡಿಗೆಂದು ಬಂದಿದ್ದ ಭಾವ ಒಂದು ಬ್ಯಾನರಿನ ಕೆಳಗೆ ನಿಂತುಬಿಟ್ಟರು. ಶರ್ಟಿಗೆ 1,999 ರೂಪಾಯಿ. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಕುಂಬಳಕಾಯಿ ಗಾತ್ರದಲ್ಲಿ 999.

ಕ್ವಿಂಟಾಲಿಗೆ ನೂರು ರೂಪಾಯಿ ಕಡಿಮೆ ಕೇಳಿದರೆಂದು ಅಡಿಕೆ ಚೀಲಗಳನ್ನು ವಾಪಸು ಹೊರಿಸಿಕೊಂಡು ಬರುವ ಮನುಷ್ಯ ಇವರು. ಆದರೆ ಗೀಟು ಹೊಡೆದ ಬೆಲೆಯ ಎದುರು ಮಾತ್ರ ಕರಗಿಹೋಗುತ್ತಾರೆ. ಅವರ ಮನೆಯ ಯಾವ ವಸ್ತುವಿನ ಬೆಲೆ ಕೇಳಿದರೂ ಬರುವ ಉತ್ತರ ಗೀಟು ಹೊಡೆಸಿಕೊಂಡದ್ದೇ. ಕುಕ್ಕರು ನಾಲ್ಕು ಸಾವಿರದ್ದು, ಕಂಬಳಿ ಮೂರು ಸಾವಿರದ್ದು. ಕೊಟ್ಟದ್ದೆಷ್ಟು ಎಂದು ಕೇಳಿದರೆ ಮುಖ ಸಣ್ಣಗಾಗುತ್ತದೆ. ವರ್ಷವಿಡೀ ಹೀಗೆ ಉಳಿಸಿದ ಹಣವನ್ನೆಲ್ಲ ಒಮ್ಮೆ ಕಣ್ಣಾರೆ ತೋರಿಸಿ ಎಂದು ಅಕ್ಕ ಕೇಳುತ್ತಲೇ ಇದ್ದಾಳೆ.

“ಮಾರಾಯ, ಒಂದು ತೆಗೆದುಕೊಂಡರೆ ಸಾವಿರ ಲಾಭ. ಐದು ತೆಗೆದುಕೊಂಡರೆ?” ಎಂದರು ಭಾವ.

“ಭಾವ, ನಿಮಗೆ ಬೇಕಾದದ್ದು ಒಂದೇ ಅಲ್ಲವೇ?”

“ನಾಲ್ಕು ಸಾವಿರ ನಷ್ಟ ಮಾಡಿಕೊಳ್ಳಲೇ?”

ನನಗೆ ಆಗಲೇ ಅನುಮಾನ ಬರಬೇಕಿತ್ತು. ನಿಜವಾಗಿ ಉಳಿದ ಮಾಲು ಮಾರುವ ಅಂಗಡಿಯಲ್ಲಿ ನಮ್ಮ ಅಳತೆ ಸಿಗುವುದಿಲ್ಲ. ನಲವತ್ತರದು ಖಾಲಿಯಾಗಿರುತ್ತದೆ, ಕಡ್ಡಿಯಂಥವನಿಗೋ ಕಣಜದಂಥವನಿಗೋ ಆಗುವುದಷ್ಟೇ ಮೂಲೆಯಲ್ಲಿ ಬಿದ್ದಿರುತ್ತದೆ. ಇಲ್ಲಿ ಎಲ್ಲ ಬಣ್ಣದಲ್ಲಿ ಎಲ್ಲ ಅಳತೆಯೂ ಇಟ್ಟಿಗೆ ಪೇರಿಸಿದಂತೆ ಇತ್ತು. ಪೊಟ್ಟಣದ ಮೇಲಿದ್ದ ತಯಾರಿಕೆಯ ತಿಂಗಳು ನೋಡಿದರೆ ಜೂನ್. ನಾವು ನಿಂತಿದ್ದದ್ದು ಜುಲೈಯಲ್ಲಿ. ಹುಟ್ಟಿ ಎರಡು ತಿಂಗಳಾಗದ ಶರ್ಟು 1,999ಕ್ಕೆ ಮಾರಾಟವಾಗಿ, ಮುಪ್ಪಾಗಿ, ಅರ್ಧ ಬೆಲೆಗೆ ಇಳಿದದ್ದು ಯಾವಾಗ?

ದುಡ್ಡು ಕೊಟ್ಟಾದ ಮೇಲೆ ಗುಟ್ಟು ರಟ್ಟು ಮಾಡಿದ್ದು ಭಾವನ ಕೊಡೆ. ಅದರಿಂದ ತೊಟ್ಟಿಕ್ಕಿದ ನೀರಿಗೆ ಬೆಲೆಯ ಚೀಟಿ ಮೆತ್ತಗಾಗಿ ಅವರ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ಕೆಳಗೆ ಕಂಪನಿಯೇ ಅಚ್ಚು ಹಾಕಿಸಿದ ಬೆಲೆ ತಣ್ಣಗೆ ಕುಳಿತಿತ್ತು: 1,099.

“ಅದು ಹಳೆಯ ಬೆಲೆ ಸಾರ್” ಎಂದ ಹುಡುಗ.

“ಹಳೆಯದು ಕಡಿಮೆ, ಹೊಸದು ಹೆಚ್ಚು. ಇದು ಯಾವ ಸೀಮೆಯ ರಿಯಾಯಿತಿಯಪ್ಪ?” ಎಂದೆ. ಅವನು ಮಾಳಿಗೆಯ ಕಡೆ ನೋಡಿದ. ಸಂಬಳಕ್ಕೆ ದುಡಿಯುವ ಹುಡುಗ, ಚೀಟಿ ಅಂಟಿಸಿದ್ದು ಅವನಾದರೂ ಅಂಟಿಸೆಂದವನು ಬೇರೆ.

ಪೊಟ್ಟಣದ ಸರಕುಗಳಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ಗರಿಷ್ಠ ಬೆಲೆಯನ್ನು ಇಳಿಸುವುದಕ್ಕೆ ಚೀಟಿ ಅಂಟಿಸಬಹುದು, ಆದರೆ ಅದು ತಯಾರಕರು ನಮೂದಿಸಿದ ಬೆಲೆಯನ್ನು ಮುಚ್ಚಕೂಡದು. ಅಂಗಡಿಯವರು ಆ ಬೆಲೆಯನ್ನು ಅಳಿಸುವಂತೆಯೂ ಇಲ್ಲ, ತಿದ್ದುವಂತೆಯೂ ಇಲ್ಲ. ವಸ್ತು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟವಾಗುತ್ತದೆ ಎಂಬುದರ ಬಗ್ಗೆ ಜನರನ್ನು ದಾರಿತಪ್ಪಿಸಿದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಗೀಟು ಹೊಡೆಯುವುದೇ ತಪ್ಪು ಎಂದಲ್ಲ. ಆ ಬೆಲೆಗೆ ನಿಜವಾಗಿ ಮಾರಿದ್ದವರು ಗೀಟು ಹೊಡೆದರೆ ಅದು ರಿಯಾಯಿತಿಯೇ. ಇಲ್ಲಿ ಗೀಟು ಹೊಡೆಸಿಕೊಳ್ಳುವುದಕ್ಕೆಂದೇ ಒಂದು ಬೆಲೆಯನ್ನು ಹುಟ್ಟಿಸಿದ್ದರು. ನಿಜವಾದ ಇಳಿಕೆ ನೂರು ರೂಪಾಯಿ, ಅಂದರೆ ನೂರಕ್ಕೆ ಒಂಬತ್ತು. ಬ್ಯಾನರಿನಲ್ಲಿದ್ದದ್ದು ಐವತ್ತು.

ನಾನು ಚಿಕ್ಕವನಿದ್ದಾಗ ಅಪ್ಪ ಬಟ್ಟೆ ತೆಗೆಯುತ್ತಿದ್ದ ಅಂಗಡಿಯಲ್ಲಿ ಚೀಟಿಯೇ ಇರಲಿಲ್ಲ. ಬಿಳಿ ಹಾಸಿಗೆಯ ಮೇಲೆ ಥಾನು ಬಿಚ್ಚಿ ಹರಡಿ ಸಾಹುಕಾರರು ಒಂದು ಬೆಲೆ ಹೇಳುತ್ತಿದ್ದರು. ಅಪ್ಪ ಅರ್ಧಕ್ಕೆ ಕೇಳುತ್ತಿದ್ದರು. ಸಾಹುಕಾರರು ಹೃದಯಕ್ಕೆ ಕೈ ಇಟ್ಟುಕೊಳ್ಳುತ್ತಿದ್ದರು. ಅವರೂ ಸುಳ್ಳೇ ಹೇಳುತ್ತಿದ್ದರು, ಆದರೆ ಎದುರಿಗೆ ಕುಳಿತು, ಕಾಫಿ ತರಿಸಿ ಹೇಳುತ್ತಿದ್ದರು. ಕೊನೆಗೆ ಉಳಿದ ತುಂಡಿನಲ್ಲಿ ನನಗೊಂದು ಚಡ್ಡಿಗಾಗುವಷ್ಟು ಸೇರಿಸಿ ಕಟ್ಟುತ್ತಿದ್ದರು. ಈಗ ನಮ್ಮ ಪಾಲಿನ ಚೌಕಾಸಿಯನ್ನೂ ಅಂಗಡಿಯವರೇ ಮೊದಲೇ ಮುಗಿಸಿ ಇಟ್ಟಿರುತ್ತಾರೆ.

“ದುಡ್ಡು ವಾಪಸು ಕೇಳೋಣ, ಬಿಲ್ಲೂ ಚೀಟಿಯೂ ಇದೆ, ಇಲ್ಲವೆಂದರೆ 1915ಕ್ಕೆ ಫೋನ್ ಮಾಡೋಣ” ಎಂದೆ. ಗ್ರಾಹಕ ಸಹಾಯವಾಣಿಯ ಹೆಸರು ಕೇಳಿ ಹುಡುಗ ಬೆವರಿದ. ಭಾವ ಮಾತ್ರ ಬೆರಳಿಗಂಟಿದ ಚೀಟಿಯನ್ನು ಜೋಪಾನವಾಗಿ ಬಿಡಿಸಿ ಜೇಬಿಗೆ ಹಾಕಿಕೊಂಡರು.

“ಬಿಡು ಮಾರಾಯ. ಆದರೂ ಐದಕ್ಕೆ ಐನೂರು ಉಳಿಯಿತಲ್ಲ.”

ನಿನ್ನೆ ನನ್ನ ಹುಟ್ಟುಹಬ್ಬ. ಭಾವ ಐದರಲ್ಲಿ ಒಂದು ಶರ್ಟು ಕಳಿಸಿದ್ದಾರೆ. ಪೊಟ್ಟಣದ ಮೇಲೆ 1,999ರ ಚೀಟಿ ಅದೇ ಜಾಗದಲ್ಲಿ ಕುಳಿತಿದೆ. ಅಂಚಿನಲ್ಲಿ ಒಂದು ಅನ್ನದ ಅಗುಳು ಒಣಗಿಕೊಂಡಿದೆ.