ಹೇಳಲಾಗದ್ದು ದಾರಿ ಇರಬಹುದು, ಆ ಸಾಲು ಅಲ್ಲ

ನಿನ್ನೆ ಸಂಜೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದು ಇಳಿಸಿಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಗೆಳೆಯರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ನಾವು ಸೇರಿ ಓದುತ್ತೇವಲ್ಲ, ನಿನ್ನೆ ಅಲ್ಲಿ ಲಾವೋತ್ಸು, ಅಂದರೆ ಆ ಹೆಸರಿನ ಚೀನೀ ಜ್ಞಾನಿಯದು ಅನ್ನೋ, 'ದಾವ್' ಅಥವಾ ದಾರಿಯ ಬಗೆಗಿನ ಹಳೆಯ ಪುಸ್ತಕ. ಹೊರಗಿನಿಂದ ಒಬ್ಬರು ಮಾತಾಡಲು ಬಂದಿದ್ದರು. ಚೆನ್ನಾಗಿಯೇ ಮಾತಾಡಿದರು. ಕೊನೆಯಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಎರಡು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಎದ್ದು ನಿಂತಳು. ಒಂದು ಜೇಮ್ಸ್ ಲೆಗ್ 1891ರಲ್ಲಿ ಮಾಡಿದ ಅನುವಾದ. ಇನ್ನೊಂದು ಡಿ. ಸಿ. ಲಾವ್ ಅವರದು, 1963ರದು. 'ಸರ್, ಮೊದಲನೇ ಸಾಲೇ ಬೇರೆ ಬೇರೆ ಇದೆ. ಇವರು ನಡೆಯಬಹುದಾದ ದಾರಿ ಅಂತಾರೆ, ಅವರು ಹೇಳಬಹುದಾದ ದಾರಿ ಅಂತಾರೆ. ಯಾಕೆ?' ಅಂತ ಕೇಳಿದಳು.

ಅವರು ನಕ್ಕು, 'ಅದೇ ಕಣಮ್ಮ ಅದರ ಗುಟ್ಟು. ಹೇಳಲಾಗದ್ದನ್ನು ಹೇಳೋಕೆ ಹೋದರೆ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತೆ' ಅಂದರು. ಎಲ್ಲರೂ ತಲೆಯಾಡಿಸಿದರು. ಹುಡುಗಿ ಕೂತಳು. ಅವಳ ಮುಖದಲ್ಲಿ ಉತ್ತರ ಸಿಕ್ಕ ಕಳೆ ಇರಲಿಲ್ಲ.

ನನಗೆ ಬೇಜಾರಾಗಿದ್ದು ಅಲ್ಲೇ. ಅವಳು ಕೇಳಿದ್ದು ಪರಮಾರ್ಥದ ಪ್ರಶ್ನೆ ಅಲ್ಲ. ಒಂದು ಕ್ರಿಯಾಪದದ ಪ್ರಶ್ನೆ. ಅದಕ್ಕೆ ಉತ್ತರ ಇದೆ. ಬೆರಳಿಟ್ಟು ತೋರಿಸಬಹುದಾದ ಉತ್ತರ.

ನಾನು ಚೀನಾದಲ್ಲಿ ಕೆಲಸಕ್ಕಿದ್ದ ಐದು ವರ್ಷದಲ್ಲಿ ಸಂಜೆ ಹೊತ್ತು ಹಳೆಯ ಚೀನೀ ಭಾಷೆಯ ಪಾಠಕ್ಕೆ ಹೋಗುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಾನೇನೂ ಪಂಡಿತ ಅಲ್ಲ. ಆದರೆ ಈ ಸಾಲಿನ ಮುಂದೆ ಒಂದು ಇಡೀ ತಿಂಗಳು ಕೂತಿದ್ದೇನೆ. ಸಾಲು ಇಷ್ಟೇ: ದಾವ್ ಖ ದಾವ್, ಫೇ ಛಾಂಗ್ ದಾವ್. ಆರೇ ಅಕ್ಷರ. ಅದರಲ್ಲಿ ಮೂರು ಒಂದೇ ಅಕ್ಷರ, ದಾವ್. 'ಖ' ಅಂದರೆ ಬಹುದು. 'ಫೇ' ಅಂದರೆ ಅಲ್ಲ. 'ಛಾಂಗ್' ಅಂದರೆ ಸದಾ ಇರುವ, ಸ್ಥಿರವಾದ. ದಾವ್ ಬಹುದು ದಾವ್, ಅಲ್ಲ ಸ್ಥಿರ ದಾವ್. ಮೂಲದಲ್ಲಿ ಇರೋದು ಇಷ್ಟು. ಏಕವಚನವೋ ಬಹುವಚನವೋ ಗೊತ್ತಾಗಲ್ಲ. ಕಾಲ ಇಲ್ಲ. ಅಲ್ಪವಿರಾಮ ಕೂಡ ಆಮೇಲೆ ಸೇರಿದ್ದು.

ಮೊದಲನೇ ಮತ್ತು ಮೂರನೇ ದಾವ್ ನಾಮಪದ, ದಾರಿ. ತಕರಾರು ಇರೋದು ನಡುವಿನದರ ಮೇಲೆ. 'ಬಹುದು' ಆದ ಮೇಲೆ ಬಂದಿರೋದರಿಂದ ಅದು ಕ್ರಿಯಾಪದ ಆಗಲೇಬೇಕು. ದಾರಿ ಅನ್ನೋ ಪದ ಕ್ರಿಯಾಪದ ಆದರೆ ಏನರ್ಥ? ನಮಗೆ ಇದು ಅಪರಿಚಿತ ಏನಲ್ಲ. 'ನಡೆ' ತಗೊಳ್ಳಿ. ಅವನ ನಡೆ ಸರಿಯಿಲ್ಲ ಅಂದರೆ ನಾಮಪದ. ಮುಂದೆ ನಡೆ ಅಂದರೆ ಕ್ರಿಯಾಪದ. 'ನುಡಿ'ಯೂ ಹಾಗೇ. ಈಗ ನಡೆ ಮತ್ತು ನುಡಿ ಎರಡೂ ಒಂದೇ ಪದ ಆಗಿದ್ದರೆ ಹೇಗಿರುತ್ತಿತ್ತು ಯೋಚಿಸಿ. ದಾವ್ ಅಂಥ ಪದ. ನಾಮಪದ ಆದಾಗ ದಾರಿ. ಕ್ರಿಯಾಪದ ಆದಾಗ ಹೇಳು, ನುಡಿ.

ಇದು ಊಹೆ ಅಲ್ಲ. ಲಾವೋತ್ಸು ಪುಸ್ತಕಕ್ಕಿಂತ ಹಳೆಯ ಹಾಡುಗಳ ಸಂಗ್ರಹ ಒಂದಿದೆ, 'ಷರ್ ಚಿಂಗ್'. ಅದರಲ್ಲೊಂದು ಹಾಡು: ಗೋಡೆಯ ಮೇಲೆ ನೆಗ್ಗಿಲ ಮುಳ್ಳು ಬೆಳೆದಿದೆ, ಗುಡಿಸಿ ಹಾಕಲಾಗದು. ಒಳಮನೆಯ ಮಾತು ಇದೆ, ಹೊರಗೆ ಆಡಲಾಗದು. ಆಡಿದರೆ ಆಡಿದ ಮಾತೇ ಹೊಲಸು. ಅರಮನೆಯ ಒಳಗಿನ ಗುಸುಗುಸು ಬಗ್ಗೆ ಹಾಡು ಅದು. ಅಲ್ಲಿ 'ಆಡಲಾಗದು' ಅನ್ನೋದಕ್ಕೆ ಇರೋ ಪದ 'ಬು ಖ ದಾವ್'. ಅದೇ 'ಖ', ಅದೇ 'ದಾವ್', ಮುಂದೊಂದು 'ಬು', ಅಂದರೆ ಇಲ್ಲ. ಇಲ್ಲಿ ಯಾರೂ ನಡೆಯುತ್ತಿಲ್ಲ. ಮನೆ ಮಾತು ಬೀದಿಗೆ ಬರಬಾರದು ಅಂತ ಹೇಳುತ್ತಿದ್ದಾರೆ ಅಷ್ಟೇ.

ಹಾಗಾದರೆ ಲೆಗ್ ಯಾಕೆ ತುಳಿದು ನಡೆಯುವುದು ಅಂತ ಮಾಡಿದರು? ಭಾಷೆ ಬಾರದೆ ಅಲ್ಲ. ಅವರು ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೆಲ್ಲ ಇಂಗ್ಲಿಷಿಗೆ ತಂದವರು. ಆ ಹಾಡುಗಳನ್ನೂ ಅನುವಾದಿಸಿದವರು. ನನಗೆ ತೋಚೋದು ಹೀಗೆ. ಮೂಲದಲ್ಲಿ ಒಂದೇ ಪದ ಮೂರು ಸಲ ಬಡಿಯುತ್ತೆ. ಹೇಳುವುದು ಅಂತ ಹಾಕಿದ ಕೂಡಲೇ ಆ ಬಡಿತ ಹೋಗುತ್ತೆ. ನಡೆಯುವುದು ಅಂತ ಹಾಕಿದರೆ ದಾರಿಯ ಚಿತ್ರ ಉಳಿಯುತ್ತೆ, ಆದರೆ ಮಾತು ಹೋಗುತ್ತೆ. ಕನ್ನಡದಲ್ಲೂ ಇದೇ ಕಷ್ಟ. 'ನಡೆಯಬಹುದಾದ ನಡೆ ನಿತ್ಯದ ನಡೆಯಲ್ಲ' ಅಂದರೆ ಕಿವಿಗೆ ಹಿತ, ನುಡಿ ಕಳೆಯಿತು. 'ನುಡಿಯಬಹುದಾದ ದಾರಿ' ಅಂದರೆ ಅರ್ಥ ಸರಿ, ಬಡಿತ ಕಳೆಯಿತು. ಎರಡರಲ್ಲಿ ಒಂದನ್ನು ಬಿಡಲೇಬೇಕು. ಯಾವುದನ್ನು ಬಿಟ್ಟರು ಅನ್ನೋದು ಅನುವಾದಕರ ಆಯ್ಕೆ. ನಿನ್ನೆ ಆ ಹುಡುಗಿಗೆ ಇಷ್ಟು ಹೇಳಿದ್ದರೆ ಸಾಕಿತ್ತು. ಎರಡು ನಿಮಿಷದ ಮಾತು.

ಇನ್ನೊಂದು ಗಂಟು ಇದೆ, 'ಛಾಂಗ್'. ಇದಕ್ಕೆ ಸ್ಥಿರ ಅನ್ನೋದರ ಜೊತೆಗೆ ಸಾಮಾನ್ಯ, ದಿನನಿತ್ಯದ ಅನ್ನೋ ಅರ್ಥವೂ ಇದೆ. ಇಲ್ಲಿ ನನಗೆ ತುಂಬಾ ಇಷ್ಟದ ಒಬ್ಬರನ್ನು ಕರೆತರಬೇಕು. ಸಿಮಾ ಗುವಾಂಗ್, 11ನೇ ಶತಮಾನದ ದೊಡ್ಡ ಇತಿಹಾಸಕಾರ. ಅವರು ಈ ಸಾಲಿಗೆ ಬರೆದ ಟಿಪ್ಪಣಿಯ ಸಾರ ಹೀಗಿದೆ: ದಾವ್ ಬಗ್ಗೆ ಮಾತಾಡುವವರೆಲ್ಲ ಅದು ಬಹಳ ಸೂಕ್ಷ್ಮ, ಮಾತಿಗೆ ನಿಲುಕದ್ದು ಅಂತಾರೆ. ಲಾವೋತ್ಸು ಹಾಗಲ್ಲ ಅಂತಾರೆ. ದಾವ್ ಅನ್ನು ಹೇಳಬಹುದು, ಆದರೆ ಅದು ಸಾಮಾನ್ಯ ಜನ ದಾವ್ ಅಂತ ಕರೆಯುವಂಥದ್ದಲ್ಲ.

ಮೊದಲ ಸಲ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಆರು ಅಕ್ಷರ. ಒಂದನ್ನೂ ಬದಲಿಸಿಲ್ಲ. ಅರ್ಥ ಮಾತ್ರ ಪೂರ್ತಿ ಆಚೆ ಬದಿಗೆ ಹೋಗಿದೆ. ಹೇಳಲಾಗದು ಅಂತ ಎಲ್ಲರೂ ಓದಿದ ಕಡೆ ಅವರು ಹೇಳಬಹುದು ಅಂತ ಓದಿದರು. ವ್ಯಾಕರಣ ಅದಕ್ಕೂ ಜಾಗ ಕೊಡುತ್ತೆ.

ವರ್ಷಗಟ್ಟಲೆ ನಾನು ಅದನ್ನೇ ನಂಬಿಕೊಂಡಿದ್ದೆ. ಬಿಡಬೇಕಾಗಿ ಬಂದದ್ದು ಒಂದು ಸಮಾಧಿಯಿಂದ. 1973ರಲ್ಲಿ ಹುನಾನ್ ಪ್ರಾಂತ್ಯದ ಛಾಂಗ್‌ಷಾ ಊರಿನ ಹತ್ತಿರ, ಮಾವಾಂಗ್‌ದ್ವೇ ಅನ್ನೋ ಕಡೆ, ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು ತೆಗೆದರು. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ಲಾವೋತ್ಸುವಿನ ಎರಡು ಪ್ರತಿ ಸಿಕ್ಕವು. ಅವುಗಳಲ್ಲಿ ಪುಸ್ತಕದ ಎರಡು ಭಾಗಗಳು ಹಿಂದುಮುಂದಾಗಿವೆ. ಹಾಗಾಗಿ ನಾವು ಮೊದಲ ಸಾಲು ಅನ್ನೋದು ಅಲ್ಲಿ ಮೊದಲ ಸಾಲೇ ಅಲ್ಲ. ಮುಖ್ಯ ಅಂದರೆ, ಅಲ್ಲಿ 'ಛಾಂಗ್' ಇಲ್ಲ. ಆ ಜಾಗದಲ್ಲಿ ಇರೋದು 'ಹೆಂಗ್' ಅನ್ನೋ ಬೇರೆ ಅಕ್ಷರ.

ಯಾಕೆ ಬದಲಾಯಿತು? ಹಾನ್ ಮನೆತನದ ವೆನ್ ಚಕ್ರವರ್ತಿ ಕ್ರಿ.ಪೂ. 180ರಲ್ಲಿ ಪಟ್ಟಕ್ಕೆ ಬಂದರು. ಅವರ ಹುಟ್ಟುಹೆಸರು ಲ್ಯೂ ಹೆಂಗ್. ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಬರೆಯೋ ಹಾಗಿಲ್ಲ. ಅದಕ್ಕೇ ನಕಲು ಮಾಡುವವರು 'ಹೆಂಗ್' ತೆಗೆದು, ಹತ್ತಿರದ ಅರ್ಥದ 'ಛಾಂಗ್' ಇಟ್ಟರು. ನಮ್ಮಜ್ಜಿ ನೆನಪಾಗುತ್ತಾರೆ. ತಾತನ ಹೆಸರು ರಂಗಪ್ಪ. ಅಜ್ಜಿ ಜೀವಮಾನದಲ್ಲಿ ಒಮ್ಮೆಯೂ ರಂಗೋಲಿ ಅನ್ನಲಿಲ್ಲ. 'ಬಾಗ್ಲಲ್ಲಿ ಹಸೆ ಬರ್ದೆಯೇನೇ?' ಅಂತಲೇ ಅಮ್ಮನನ್ನು ಕೇಳುತ್ತಿದ್ದರು. ನಾವು ಮಕ್ಕಳು ಹಸೆ ಅನ್ನೋದೇ ಅದರ ಹೆಸರು ಅಂದುಕೊಂಡು ಬೆಳೆದೆವು. ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷ ಓದುಗರಿಗೆ ಆದದ್ದೂ ಇದೇ.

'ಹೆಂಗ್' ಅಂದ ತಕ್ಷಣ ಬರುವ ಅರ್ಥ ಎಂದೂ ಬದಲಾಗದ್ದು. ಸಾಮಾನ್ಯ ಅನ್ನೋ ಅರ್ಥಕ್ಕೆ ಅದನ್ನು ಎಳೆಯೋದು ಕಷ್ಟ. ಅಲ್ಲಿಗೆ ಸಿಮಾ ಗುವಾಂಗ್ ಅವರ ಅರ್ಥದ ಅರ್ಧ ಭಾಗ ಬಿದ್ದುಹೋಯಿತು. ಅವರ ತಪ್ಪಲ್ಲ, ಅವರ ಕೈಗೆ ಆ ರೇಷ್ಮೆ ಸಿಕ್ಕಿರಲಿಲ್ಲ. ಆದರೆ ಇನ್ನರ್ಧ ನಿಂತಿದೆ. ರೇಷ್ಮೆಯ ಪ್ರತಿಯಲ್ಲಿ ಸಾಲು ಹೀಗಿದೆ: ದಾವ್ ಖ ದಾವ್ ಯೆ, ಫೇ ಹೆಂಗ್ ದಾವ್ ಯೆ. ಆ 'ಯೆ' ವಾಕ್ಯವನ್ನು ಮುಚ್ಚುವ ಪದ. ಎರಡು 'ಯೆ' ಬಂದಿರೋದರಿಂದ ಮೊದಲರ್ಧ ತಾನೇ ಒಂದು ಮಾತಾಗಿ ನಿಲ್ಲಬಹುದು. ದಾರಿಯನ್ನು ಹೇಳಬಹುದು. ಹೇಳಿದ್ದು ಬದಲಾಗದ ದಾರಿ ಅಲ್ಲ. ನನ್ನ ಕಿವಿಗೆ ಇವತ್ತಿಗೂ ಇದೇ ಸರಿ ಅನಿಸುತ್ತೆ. ಇದನ್ನು ಒಪ್ಪದ ವಿದ್ವಾಂಸರು ಬೇಕಾದಷ್ಟು ಜನ ಇದ್ದಾರೆ.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ: ಅದೆಲ್ಲ ಸರಿ, ಆದರೆ ಲಾವೋತ್ಸುವೇ ಹೆಸರಿಡಲಾಗದು ಅಂತಾರಲ್ಲ, ನಿನ್ನೆ ಆ ಹಿರಿಯರು ಅಂದದ್ದರಲ್ಲಿ ತಪ್ಪೇನು? ಹೌದು, 25ನೇ ಅಧ್ಯಾಯದಲ್ಲಿ ಹಾಗೆ ಬರುತ್ತೆ. ಅದರ ಹೆಸರು ನನಗೆ ಗೊತ್ತಿಲ್ಲ, ದಾವ್ ಅಂತ ಕರೆಯುತ್ತೇನೆ, ಹೆಸರು ಕೊಡಲೇಬೇಕು ಅಂದರೆ ದೊಡ್ಡದು ಅನ್ನುತ್ತೇನೆ ಅಂತ. ಆದರೆ ಗಮನಿಸಿ, ಅಲ್ಲಿ ಮಾತಿಗೆ ಸಿಗದ್ದು ದಾವ್. ದಾವ್ ಬಗ್ಗೆ ಬರೆದ ವಾಕ್ಯ ಅಲ್ಲ. ವಾಕ್ಯದಲ್ಲಿ ಆರು ಅಕ್ಷರ ಇವೆ, ಒಂದೊಂದಕ್ಕೂ ಚರಿತ್ರೆ ಇದೆ. ದಾವ್ ಹೇಳಲಾಗದ್ದು ಅಂತ ಅದರ ಕ್ರಿಯಾಪದವನ್ನೂ ವಿವರಿಸದೆ ಬಿಟ್ಟರೆ ಓದುವವರಿಗೆ ಮೋಸ ಆಗುತ್ತೆ. ಈ ಮಾತು ನನಗೆ ನೋಯುವುದು ಯಾಕೆ ಅಂದರೆ, ಚೀನಾದಿಂದ ಬಂದ ಹೊಸದರಲ್ಲಿ ನನ್ನ ತಂಗಿ ಇದೇ ಪ್ರಶ್ನೆ ಕೇಳಿದಾಗ ನಾನೂ 'ಅದು ಅನುಭವಕ್ಕೆ ಬರಬೇಕು ಬಿಡು' ಅಂದಿದ್ದೆ. ಅವಳು ಮತ್ತೆ ಕೇಳಲಿಲ್ಲ. ಆ ಪುಸ್ತಕವನ್ನೂ ಮತ್ತೆ ತೆಗೆಯಲಿಲ್ಲ.

ಅದಕ್ಕೇ ನಿನ್ನೆ ಕಾಫಿ ಹೊತ್ತಿಗೆ ಆ ಹುಡುಗಿಯ ಹತ್ತಿರ ಹೋದೆ. ಅವಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಆರು ಅಕ್ಷರ ಬರೆದೆ. ಕೆಳಗೆ ಕನ್ನಡದಲ್ಲಿ ಒಂದೊಂದರ ಅರ್ಥ ಬರೆದೆ. ನೆಗ್ಗಿಲ ಮುಳ್ಳಿನ ಹಾಡು ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು, 'ಇದರ ಮುಂದಿನ ಸಾಲು ಏನು ಸರ್?'

ಅದನ್ನೂ ಬರೆದೆ. ಮಿಂಗ್ ಖ ಮಿಂಗ್, ಫೇ ಛಾಂಗ್ ಮಿಂಗ್. ಮಿಂಗ್ ಅಂದರೆ ಹೆಸರು, ಕ್ರಿಯಾಪದ ಆದರೆ ಹೆಸರಿಡು, ಹೆಸರಿಟ್ಟು ಕರೆ ಅಂತ ಹೇಳಿದೆ. ಅವಳು ಎರಡೂ ಸಾಲನ್ನು ಒಂದರ ಕೆಳಗೊಂದು ಇಟ್ಟು ಸ್ವಲ್ಪ ಹೊತ್ತು ನೋಡಿದಳು. ಪೆನ್ನಿನ ತುದಿ ಮೊದಲ ಸಾಲಿನ ಮೂರನೇ ಅಕ್ಷರದ ಮೇಲೆ ನಿಂತಿತು. ಆಮೇಲೆ ಕೆಳಗಿನ ಸಾಲಿನ ಮೂರನೇ ಅಕ್ಷರಕ್ಕೆ ಇಳಿಯಿತು.

'ಇದು ಹೆಸರಿಟ್ಟು ಕರೆಯೋದು ಅಂದ್ರೆ ಬಾಯಲ್ಲಿ ಮಾಡೋ ಕೆಲಸ' ಅಂದಳು. 'ಎರಡೂ ಜೋಡಿ ಸಾಲು. ಹಾಗಾದ್ರೆ ಮೇಲಿಂದೂ ಹೇಳೋದೇ ಇರಬೇಕು ಅಲ್ವಾ ಸರ್?'