ಯಾಲು ನನ್ನ ಬಂಗಾಲ?

ಬೆಂಗಳೂರಿನ ಯಾವುದಾದರೂ ಬಡಾವಣೆಯ ಉದ್ಯಾನಕ್ಕೆ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಕೆಮ್ಮಿದರೆ ಸಾಕು, ಇಡೀ ಕಚೇರಿ ಎದ್ದು ನಿಲ್ಲುವಂಥ ಹಿರಿಯ ಅಧಿಕಾರಿಯೊಬ್ಬರು ಅಲ್ಲಿ ಮಂಡಿಯೂರಿ ಕುಳಿತಿರುತ್ತಾರೆ. ಎದುರಿಗೆ ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್. “ಯಾಲು ನನ್ನ ಬಂಗಾಲ? ಯಾಲಿಗೆ ಮಮ್ಮು ಬೇಕು?” ಎಂದು ಸಾಹೇಬರು ಕೀರಲು ದನಿಯಲ್ಲಿ ವಿಚಾರಿಸುತ್ತಾರೆ. ಬಂಗಾರ ಯಾರೆಂಬುದು ನಾಯಿಗೂ ಗೊತ್ತು, ಅವರಿಗೂ ಗೊತ್ತು. ಆದರೂ ವಿಚಾರಣೆ ದಿನವೂ ನಡೆಯುತ್ತದೆ. ನಡುವೆ ಕಾವಲುಗಾರ ಬಂದು ಏನಾದರೂ ಕೇಳಿದರೆ ದನಿ ಥಟ್ಟನೆ ಕೆಳಗಿಳಿದು, ರಕಾರ ಸ್ವಸ್ಥಾನಕ್ಕೆ ಮರಳುತ್ತದೆ.

ಮನೆಗೆ ಹೋದರೆ ತೊಟ್ಟಿಲ ಮುಂದೆಯೂ ಇದೇ ರಾಗ. ಕೂಸಿನ ವಿಷಯದಲ್ಲಿ ಈ ರಾಗಕ್ಕೊಂದು ಅರ್ಥವಿದೆ. ನಾಲ್ಕು ತಿಂಗಳ ಕೂಸುಗಳಿಗೆ ಎರಡು ಬಗೆಯ ಮಾತನ್ನೂ ಕೇಳಿಸಿ ನೋಡಿದ 1985ರ ಪ್ರಯೋಗದಲ್ಲಿ, ಅವು ದೊಡ್ಡವರ ಸಪ್ಪೆ ಸಂಭಾಷಣೆಗಿಂತ ಹೆಚ್ಚು ಸಲ ಈ ಏರಿಳಿತದ ದನಿಯ ಕಡೆಗೇ ತಲೆ ತಿರುಗಿಸಿದವು. ನಮ್ಮ ಸಭೆಗಳಲ್ಲಿ ಭಾಷಣ ಕೇಳುವವರಿಗೆ ಈ ಸೌಲಭ್ಯವಿಲ್ಲ.

ಆದರೆ ನಾಯಿಗೂ ಕೂಸಿಗೂ ನಾವು ಹಾಡುವುದು ಒಂದೇ ಹಾಡೇ? ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡೆನಿಸ್ ಬರ್ನ್‌ಹ್ಯಾಮ್ ಮತ್ತು ಸಂಗಡಿಗರು ಇದನ್ನು ಅಳೆದು, 2002ರಲ್ಲಿ ಪ್ರಕಟಿಸಿದರು. ತಾಯಂದಿರ ಕೈಗೆ ಮೂರು ಆಟಿಕೆ ಕೊಟ್ಟರು: ಶೀಪ್, ಶೂ, ಶಾರ್ಕ್. ಅವುಗಳ ಬಗ್ಗೆ ಒಮ್ಮೆ ತಮ್ಮ ಕೂಸಿನೊಂದಿಗೆ, ಒಮ್ಮೆ ಸಾಕಿದ ನಾಯಿ ಅಥವಾ ಬೆಕ್ಕಿನೊಂದಿಗೆ, ಒಮ್ಮೆ ದೊಡ್ಡವರೊಂದಿಗೆ ಮಾತನಾಡಿಸಿದರು. ಕುರಿ, ಬೂಟು, ತಿಮಿಂಗಿಲದ ತಮ್ಮ ಇವೇ ಏಕೆ ಎಂದರೆ ಅವುಗಳ ಇಂಗ್ಲಿಷ್ ಹೆಸರುಗಳೊಳಗಿರುವ ಈ, ಊ, ಆ ಎಂಬ ಸ್ವರಗಳಿಗಾಗಿ. ಈ ಎನ್ನುವಾಗ ನಾಲಿಗೆ ಮುಂದಕ್ಕೆ ಬರುತ್ತದೆ, ಊ ಎನ್ನುವಾಗ ಹಿಂದಕ್ಕೆ ಸರಿದು ತುಟಿ ದುಂಡಾಗುತ್ತದೆ, ಆ ಎನ್ನಲು ದವಡೆ ಇಳಿಯಬೇಕು. ಬಾಯೊಳಗಿನ ತ್ರಿಕೋನದ ಮೂರು ಮೂಲೆಗಳಿವು. ಅವಸರದ ಮಾತಿನಲ್ಲಿ ನಾವು ಮೂಲೆಯವರೆಗೆ ಹೋಗುವುದಿಲ್ಲ. ಮೂರೂ ಸ್ವರಗಳು ನಡುವಿಗೆ ಬಂದು ಒಂದಕ್ಕೊಂದು ಆತುಕೊಳ್ಳುತ್ತವೆ.

ಫಲಿತಾಂಶ ಹೀಗಿತ್ತು. ದನಿಯ ಎತ್ತರವೂ ಅಕ್ಕರೆಯೂ ಕೂಸಿಗೆ ಸಿಕ್ಕಂತೆ ನಾಯಿಬೆಕ್ಕುಗಳಿಗೂ ಸಿಕ್ಕವು. ಆದರೆ ಮಾತು ಕಲಿಸುವವರಂತೆ ಸ್ವರಗಳನ್ನು ಮೂಲೆಯವರೆಗೆ ಬಿಡಿಸಿ ಹೇಳಿ, ತ್ರಿಕೋನ ಹಿಗ್ಗಿದ್ದು ಕೂಸಿನ ಮುಂದೆ ಮಾತ್ರ. ನಾಯಿಗೆ ರಾಗ ದಕ್ಕಿತು, ಪಾಠ ದಕ್ಕಲಿಲ್ಲ. ಅದು ನಾಳೆ ಎದ್ದು ಶೂ ಎನ್ನುವುದಿಲ್ಲವೆಂದು ನಮ್ಮ ನಾಲಿಗೆಗೆ ನಮಗಿಂತ ಮೊದಲೇ ತಿಳಿದಿದೆ. ಅನುಮಾನವಿದ್ದರೆ ಗಿಳಿಯನ್ನು ನೋಡಿ: ಇದೇ ಬಳಗದವರು 2013ರಲ್ಲಿ ಗಿಳಿ ಸಾಕಿದವರ ಮಾತನ್ನು ಅಳೆದಾಗ ಸ್ವರಗಳು ಮತ್ತೆ ಮೂಲೆಗೆ ಹೋಗಿ ನಿಂತಿದ್ದವು. ಗಿಳಿ ತಿರುಗಿ ಮಾತನಾಡಬಲ್ಲದಲ್ಲ! ಇನ್ನು ಇಂಗ್ಲೆಂಡಿನಲ್ಲಿ ಪರದೇಶದವರೊಡನೆ ಮಾತನಾಡಿಸಿದಾಗ ಸ್ವರ ಹಿಗ್ಗಿತು, ದನಿ ಮಾತ್ರ ಏರಲಿಲ್ಲ. ಅವರಿಗೆ ಪಾಠವುಂಟು, ಮುದ್ದಿಲ್ಲ. (ನಾರ್ವೆಯ ತಾಯಂದಿರಲ್ಲಿ ತ್ರಿಕೋನ ಹಿಗ್ಗಿದ್ದು ಕಾಣಲಿಲ್ಲ; ಆದ್ದರಿಂದ ಇದನ್ನು ಜಗತ್ತಿನ ಎಲ್ಲ ಬಾಯಿಗಳಿಗೂ ಅನ್ವಯಿಸುವ ಸುತ್ತೋಲೆ ಎಂದು ತಿಳಿಯಬಾರದು.)

ನಾಯಿ ಈ ರಾಗಕ್ಕೆ ಮರುಳಾಗುತ್ತದೆಯೇ? 2017ರ ಅಧ್ಯಯನವೊಂದರಲ್ಲಿ ಹೆಂಗಸರು ನಾಯಿಗಳ ಚಿತ್ರ ನೋಡುತ್ತ ಮುದ್ದು ಮಾತನ್ನು ಓದಿದರು. ಮುದಿ ನಾಯಿಯ ಚಿತ್ರಕ್ಕೂ ದನಿ ಏರಿಸಿದರು. ಧ್ವನಿಮುದ್ರಣ ಕೇಳಿಸಿದಾಗ ಮರಿಗಳು ಓಡೋಡಿ ಬಂದವು. ಬೆಳೆದ ನಾಯಿಗಳು ಮಾತ್ರ ಮಾಮೂಲಿ ಮಾತಿಗೂ ಮುದ್ದು ಮಾತಿಗೂ ಭೇದವೆಣಿಸಲಿಲ್ಲ. ಮರುವರ್ಷ ಇಂಗ್ಲೆಂಡಿನ ಯಾರ್ಕ್‌ನಲ್ಲಿ, ರಾಗದ ಜೊತೆಗೆ ವಾಕಿಂಗಿನಂಥ ನಾಯಿಗೆ ಬೇಕಾದ ವಿಷಯವೂ ಸೇರಿದಾಗ ದೊಡ್ಡ ನಾಯಿಗಳೂ ಒಲಿದವು. ಬರೀ ರಾಗ ಬೇಡ, ಕಾರ್ಯಸೂಚಿ ಹೇಳಿ ಎಂಬಷ್ಟು ವಿವೇಕ ನಾಯಿಗೆ ವಯಸ್ಸಿನೊಂದಿಗೆ ಬರುತ್ತದೆಂದಾಯಿತು.

ಮತದಾರರಿಗೆ ಇದು ಬರುವುದು ತಡ. ಚುನಾವಣೆ ಬಂದರೆ ಅಭ್ಯರ್ಥಿಯ ಗಂಟಲು ನೋಡಿ: “ಅಮ್ಮಾ... ತಾಯೀ... ಅಜ್ಜೀ...” ಎನ್ನುತ್ತ ಮೇಲೇರಿ, ಬಳುಕಿ, ಎಂಬತ್ತರ ಮುದುಕಿಯ ಗಲ್ಲ ಹಿಂಡುವವರೆಗೆ ಹೋಗುತ್ತದೆ. ನಮ್ಮನ್ನು ಕೂಸೆಂದುಕೊಂಡಿದ್ದಾರೆಂದು ಸಿಟ್ಟಾಗುವವರಿದ್ದಾರೆ. ಅವಸರ ಬೇಡ, ಸಿಡ್ನಿಯ ಅಳತೆಗೋಲು ಹಿಡಿಯೋಣ. ಅದೃಷ್ಟಕ್ಕೆ ನಮ್ಮ ಪ್ರಣಾಳಿಕೆಗಳಲ್ಲೂ ಮೂರು ಮೂಲೆಯ ಸ್ವರಗಳು ಸಿದ್ಧವಾಗಿವೆ: ನೀರು, ಸೂರು, ಸಾಲಮನ್ನಾ. “ಅಮ್ಮಾ” ಎನ್ನುವಾಗ ಇಷ್ಟಗಲ ತೆರೆದಿದ್ದ ಬಾಯಿ, “ನೀರು ಯಾವಾಗ ಬರುತ್ತದೆ?” ಎಂದು ಅಜ್ಜಿ ಕೇಳಿದೊಡನೆ ಅರ್ಧ ಮುಚ್ಚಿಕೊಂಡು, ಈ, ಊ, ಆ ಮೂರನ್ನೂ ಒಂದೇ ಮುದ್ದೆ ಮಾಡಿ ನುಂಗುತ್ತದೆ. ದನಿ ಮಾತ್ರ ಇನ್ನೂ ಮೇಲೆಯೇ ಇರುತ್ತದೆ, ಕೈ ಅಜ್ಜಿಯ ನೆತ್ತಿಯ ಮೇಲಿರುತ್ತದೆ. ಕೂಸಂತೂ ಅಲ್ಲ, ಗಿಳಿಯೂ ಅಲ್ಲ.