ಬಂದ ಮಕ್ಕಳನ್ನಷ್ಟೇ ಎಣಿಸಿದರೆ ಸಾಲದು

"ಶಿಬಿರಕ್ಕೆ ಬಂದ ಮಕ್ಕಳು ಓದಲು ಕಲಿತರು, ಹಾಗಾಗಿ ಕಾರ್ಯಕ್ರಮ ಗೆದ್ದಿದೆ."

ಓದಿನ ಶಿಬಿರದ ಬಗ್ಗೆ ನೀವು ಬರೆದ ಲೇಖನ, ಹಾಜರಿ ಪುಸ್ತಕದಲ್ಲಿದ್ದ ಮಕ್ಕಳನ್ನಷ್ಟೇ ನೋಡಿ ಹೀಗೆ ಹೇಳುತ್ತದೆ. ಈ 'ಹಾಗಾಗಿ' ಒಪ್ಪೋಕಾಗಲ್ಲ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆಯವರು ಸಂಶೋಧಕರ ಜೊತೆ ಸೇರಿ ಮಾಡಿದ ಪ್ರಯೋಗ ನೋಡಿ. 280 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದ್ದರು, ಒಂದು ಗುಂಪಿಗೆ ಏನೂ ಕೊಡಲಿಲ್ಲ. ಲೆಕ್ಕಾಚಾರ ಹೀಗಿತ್ತು: ಊರಿನವರಿಗೆ ಮಾಹಿತಿ ಕೊಟ್ಟರೆ ಅವರು ಶಾಲಾ ಸಮಿತಿಯಲ್ಲಿ ದನಿ ಎತ್ತುತ್ತಾರೆ, ಆಮೇಲೆ ಶಾಲೆ ಸುಧಾರಿಸುತ್ತದೆ, ಮಕ್ಕಳು ಓದುತ್ತಾರೆ. ಸಭೆಗಳೇನೋ ನಡೆದವು, ಜನರೂ ಬಂದರು. ಆದರೆ ಶಾಲೆಯ ವಿಷಯದಲ್ಲಿ ಅವರ ಪಾಲ್ಗೊಳ್ಳುವಿಕೆ ಹೆಚ್ಚಲೇ ಇಲ್ಲ. ಸರಪಳಿ ಎಲ್ಲಿ ಕಡಿಯಿತು ಅಂತ ಗೊತ್ತಾಗಿದ್ದು ಪ್ರತಿ ಕೊಂಡಿಯನ್ನೂ ಬೇರೆ ಬೇರೆಯಾಗಿ ಅಳೆದಿದ್ದರಿಂದ. ಬರೀ ಕೊನೆಯ ಪರೀಕ್ಷೆ ಮಾಡಿದ್ದರೆ 'ಫಲ ಇಲ್ಲ' ಅನ್ನೋದಷ್ಟೇ ಉಳೀತಿತ್ತು.

ಸ್ವಯಂಸೇವಕರು ಓದಿನ ಶಿಬಿರ ನಡೆಸಿದ ಗುಂಪಿನಲ್ಲಿ ಮಾತ್ರ ಫಲ ಕಂಡಿತು. ಏನೂ ಓದಲು ಬಾರದೆ ಅಲ್ಲಿಗೆ ಹೋದ ಮಕ್ಕಳಲ್ಲಿ ತುಂಬಾ ಜನ ಅಕ್ಷರ ಗುರುತಿಸುವ ಹಂತ ತಲುಪಿದರು. ಆದರೆ ಶಿಬಿರಕ್ಕೆ ಹೋಗಿದ್ದೇ ಆ ಹಳ್ಳಿಗಳ ಶೇ. 8ರಷ್ಟು ಮಕ್ಕಳು! ಹಾಗಾಗಿ ಇಡೀ ಊರಿನ ಸರಾಸರಿಯಲ್ಲಿ ಆ ಲಾಭ ತೀರಾ ಸಣ್ಣದಾಯಿತು. ಹೋಗದವರನ್ನು ಬಿಟ್ಟು ಲೆಕ್ಕ ಹಾಕಿದ್ದರೆ ಅದು ಕಾಣ್ತಿತ್ತಾ? ಅಲ್ಲದೆ, ತಾವಾಗೇ ಬರೋ ಮಕ್ಕಳ ಮನೆಯಲ್ಲಿ ಮೊದಲೇ ಓದಿನ ಕಾಳಜಿ ಜಾಸ್ತಿ ಇರಬಹುದು ಅಲ್ವಾ? ನಿಮ್ಮ ಲೇಖನದ ಹಾಜರಿ ಪುಸ್ತಕ ಅದನ್ನು ಹೇಳಲ್ಲ. ಶಿಬಿರ ಶುರುವಾಗುವ ಮೊದಲೇ ಮನೆ ಪಟ್ಟಿಯಿಂದ ಮಕ್ಕಳನ್ನು ಆರಿಸಿ, ಬರಲಿ ಬಿಡಲಿ, ಅವರನ್ನೇ ಮತ್ತೆ ಮನೆಗೆ ಹೋಗಿ ಓದಿಸಿ ನೋಡಬೇಕಿತ್ತು.